ಏಳು ಬಂದರೆ ಹತ್ತಕ್ಕೆ ಮೂರೇ ಮೆಟ್ಟಿಲಾ?

“ಕೆಲಸದ ಬಗ್ಗೆ ಭವಿಷ್ಯ ನೋಡೋಣ ಅಂತ ಟ್ಯಾರೋ ಕಾರ್ಡ್ ತೆಗೆದೆ, ಸೆವೆನ್ ಆಫ್ ಪೆಂಟಕಲ್ಸ್, ಅಂದ್ರೆ ನಾಣ್ಯಗಳ ಗುಂಪಿನ ಏಳು ಬಂತು. ಏಸ್‌ನಿಂದ ಹತ್ತರವರೆಗೆ ಬೆಳವಣಿಗೆಯ ಕಥೆ ಅಂತಾರೆ. ಅಂದ್ರೆ ಬಡ್ತಿಗೆ ಇನ್ನು ಮೂರೇ ಮೆಟ್ಟಿಲು. ಕಾಯಲಾ, ಕೆಲಸ ಬಿಡಲಾ?”

ನನಗೂ ಇದೇ ಕಾರ್ಡ್ ಬಂದಿತ್ತು, ನಾನೂ ಹೀಗೇ ಎಣಿಸಿದ್ದೆ. ಆಗ ಲೆಕ್ಕಪತ್ರ ವಿಭಾಗದಲ್ಲಿ ಆರು ವರ್ಷ ಆಗಿತ್ತು. ಅರ್ಧ ದಾಟಿ ಆಯ್ತು, ಇನ್ನು ಹಣ್ಣು ತಾನಾಗಿ ಉದುರುತ್ತೆ ಅಂದುಕೊಂಡೆ.

ಅಷ್ಟರಲ್ಲಿ ಕಚೇರಿಗೆ ಹೊಸ ಸಾಫ್ಟ್‌ವೇರ್ ಬಂತು. ಹೊಸಬರ ಜೊತೆ ಕೂತು ಕಲಿಯಿರಿ ಅಂದರು. ಏಳಕ್ಕೆ ಬಂದವನು ಮತ್ತೆ ಒಂದನೇ ಮೆಟ್ಟಿಲಿಗೆ ಇಳಿಯೋದಾ? ನಾನು ಹೋಗಲಿಲ್ಲ. ಒಂದು ವರ್ಷದೊಳಗೆ ನನ್ನ ಹಳೆಯ ಕೆಲಸವೇ ಇಲ್ಲವಾಯಿತು. ಕಲಿತವರು ಉಳಿದರು.

ನನ್ನ ತಪ್ಪು ಏನು ಗೊತ್ತಾ? ಅಂಕಿ ಓದಿದೆ, ಚಿತ್ರ ನೋಡಲಿಲ್ಲ. 1909ರಲ್ಲಿ ಬಂದ ರೈಡರ್-ವೇಟ್ ಕಾರ್ಡ್‌ಗಳಲ್ಲಿ ಕಲಾವಿದೆ ಪಮೇಲಾ ಕೋಲ್ಮನ್ ಸ್ಮಿತ್ ಈ ಅಂಕಿಯ ಕಾರ್ಡ್‌ಗಳಿಗೂ ಪೂರ್ತಿ ದೃಶ್ಯ ಬರೆದಿದ್ದಾರೆ. ಏಳರಲ್ಲಿ ಒಬ್ಬ ಗುದ್ದಲಿಗೆ ಒರಗಿ ನಿಂತಿದ್ದಾನೆ. ಗಿಡದಲ್ಲಿ ನಾಣ್ಯಗಳಿವೆ, ಒಂದು ಕಾಲ ಬಳಿ ಬಿದ್ದಿದೆ. ಅವನು ಕೊಯ್ಯುತ್ತಿಲ್ಲ, ಸುಮ್ನೆ ನೋಡುತ್ತಿದ್ದಾನೆ. ಮುಂದಿನ ಕಾರ್ಡ್ ಎಂಟರಲ್ಲಿ ಕೊಯ್ಲು ಇರುತ್ತೆ ಅಂತ ನಾನು ನಂಬಿದ್ದೆ. ತೆಗೆದು ನೋಡಿ: ಒಬ್ಬ ಹುಡುಗ ಬೆಂಚಿನ ಮೇಲೆ ಕೂತು, ಸುತ್ತಿಗೆ ಉಳಿ ಹಿಡಿದು ನಾಣ್ಯ ಕೆತ್ತುತ್ತಿದ್ದಾನೆ. ಕಲಿಕೆಯ ಕಾರ್ಡ್ ಅದು! ಹೊಸಬರ ಜೊತೆ ಕೂತಿದ್ದರೆ ನಾನು ಎಂಟಕ್ಕೆ ಹೋಗಿರುತ್ತಿದ್ದೆ. ಕೆಳಗಿಳಿಯೋದು ಅಂತ ಬಿಟ್ಟದ್ದೇ ಮುಂದಿನ ಹೆಜ್ಜೆಯಾಗಿತ್ತು. ಇದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಆಮೇಲೆ ಹತ್ತೂ ಕಾರ್ಡ್‌ಗಳನ್ನು ಸಾಲಾಗಿ ಜೋಡಿಸಿ ನೋಡಿದೆ. ಮೂರರಲ್ಲಿ ಒಬ್ಬ ಕುಶಲಕರ್ಮಿ ಇಬ್ಬರ ಮಾತು ಕೇಳುತ್ತಾ ಕೆಲಸ ಮಾಡುತ್ತಾನೆ, ನಾಲ್ಕರಲ್ಲಿ ಒಬ್ಬ ನಾಣ್ಯ ಅಪ್ಪಿಕೊಂಡು ಕೂತಿದ್ದಾನೆ, ಐದರಲ್ಲಿ ಇಬ್ಬರು ಹಿಮದಲ್ಲಿ ಬೀದಿಪಾಲು. ಮೇಲೇರುವ ಗೆರೆ ಎಲ್ಲಿದೆ? ಕೋಲುಗಳ ಗುಂಪಾದ ವಾಂಡ್ಸ್‌ನಲ್ಲಂತೂ ಜಯದ ಮೆರವಣಿಗೆ ಆರರಲ್ಲೇ ಬರುತ್ತೆ. ಹತ್ತರಲ್ಲಿ ಒಬ್ಬ ಹತ್ತು ಕೋಲು ಹೊತ್ತು ಬೆನ್ನು ಬಾಗಿಸಿದ್ದಾನೆ. ಕೆಲಸದ ಪ್ರಶ್ನೆಗೆ ಅದು ಬಂದರೆ ನಾನು ಬಡ್ತಿ ಅನ್ನಲ್ಲ, ಹೊರೆ ಜಾಸ್ತಿ ಆಗಿದೆ ಅಂತೀನಿ.

ಹಾಗಾಗಿ ಕಾಯಲಾ ಬಿಡಲಾ ಅನ್ನೋ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಏಳು ಅನ್ನೋದು ಏಳು ತಿಂಗಳೂ ಅಲ್ಲ, ಎಪ್ಪತ್ತು ಪರ್ಸೆಂಟೂ ಅಲ್ಲ. ನಿಮ್ಮ ಏಳರ ಎಡಕ್ಕೆ ಆರು, ಬಲಕ್ಕೆ ಎಂಟು ಇಡಿ. ಆರರಲ್ಲಿ ತಕ್ಕಡಿ ಹಿಡಿದವನು ನಾಣ್ಯ ಹಂಚುತ್ತಾನೆ: ನಿಮಗೆ ಈಗ ಯಾರು, ಎಷ್ಟು ತೂಗಿ ಕೊಡುತ್ತಿದ್ದಾರೆ? ಎಂಟಕ್ಕೆ: ನಿಮ್ಮ ಕಚೇರಿಯಲ್ಲಿ ಆ ಬೆಂಚು ಇದೆಯಾ? ಇದ್ದರೆ ಸೋಮವಾರವೇ ಹೋಗಿ ಕೂರಿ. ಇಲ್ಲದಿದ್ದರೆ ಅದು ಎಲ್ಲಿದೆ ಅಂತ ಹುಡುಕಿ, ರಾಜೀನಾಮೆ ಪತ್ರ ಆಮೇಲೆ ಬರೆದರಾಯ್ತು.