ದಿನದ ಮಾರಾಟದ ಶೀಟ್ ತುಂಬುವಾಗ ಫಾರ್ಮುಲಾ ಕೆಡದಂತೆ ಸಿಬ್ಬಂದಿಗೆ ಹೇಗೆ ಹೇಳಿಕೊಡಬೇಕು?

ಪ್ರಶ್ನೆ: ಅಂಗಡಿಯ ದಿನದ ಮಾರಾಟದ ಎಕ್ಸೆಲ್ ಶೀಟನ್ನು ಮೂವರು ಸಿಬ್ಬಂದಿ ಸರದಿಯಲ್ಲಿ ತುಂಬುತ್ತಾರೆ. ಪಾಸ್‌ವರ್ಡ್ ಹಾಕಿ ಲಾಕ್ ಮಾಡಿದ್ದೇನೆ, ಆದರೂ ಆಗಾಗ ಒಟ್ಟು ಮೊತ್ತದಲ್ಲಿ #REF! ಬರುತ್ತದೆ. ಅವರಿಗೆ ಹಂತ ಹಂತವಾಗಿ ಏನು ಹೇಳಿಕೊಡಲಿ?

ಉತ್ತರ: ಹಲವು ವರ್ಷಗಳಿಂದ ಅಂಗಡಿಗಳ ದೈನಂದಿನ ಲೆಕ್ಕವನ್ನು ಪರಿಶೀಲಿಸುವ ಕೆಲಸ ಮಾಡುತ್ತಿದ್ದೇನೆ. ಲಾಕ್ ಮಾಡಿದ ಶೀಟಿನಲ್ಲಿಯೂ #REF! ಬರುತ್ತಿದೆ ಎಂದರೆ, ಯಾರೋ ಫಾರ್ಮುಲಾ ಅಳಿಸಿದ್ದಾರೆ ಎಂದು ಭಾವಿಸಬೇಡಿ. ಹೆಚ್ಚಿನ ಸಂದರ್ಭಗಳಲ್ಲಿ ಅವರು ತಪ್ಪಾದ ಸಾಲಿನಲ್ಲಿ ಬರೆದ ಅಂಕಿಯನ್ನು ಸರಿಯಾದ ಸಾಲಿಗೆ ಎಳೆದು ತಂದಿರುತ್ತಾರೆ, ಇಲ್ಲವೇ Ctrl+X ಒತ್ತಿ ಕತ್ತರಿಸಿ ಅಂಟಿಸಿರುತ್ತಾರೆ. ಲಾಕ್ ಎಂಬುದು ಫಾರ್ಮುಲಾ ಇರುವ ಸೆಲ್‌ನಲ್ಲಿ ಟೈಪ್ ಮಾಡುವುದನ್ನು ಮಾತ್ರ ತಡೆಯುತ್ತದೆ. ಅಂಕಿ ತುಂಬಲು ತೆರೆದಿಟ್ಟ ಸೆಲ್ ಸ್ಥಳ ಬದಲಿಸಿದಾಗ ಫಾರ್ಮುಲಾವನ್ನು ತಿದ್ದುವುದು ಎಕ್ಸೆಲ್ಲೇ ಆದ್ದರಿಂದ ಅದಕ್ಕೆ ಲಾಕ್ ಅಡ್ಡಿಯಾಗುವುದಿಲ್ಲ.

ಒಂದು ಉದಾಹರಣೆಯನ್ನು ಪೂರ್ತಿ ನೋಡೋಣ. C ಕಾಲಂನಲ್ಲಿ ಪ್ರಮಾಣ, D ಯಲ್ಲಿ ದರ, E ಯಲ್ಲಿ ಮೊತ್ತ, 5ನೇ ಸಾಲಿನಿಂದ 30ನೇ ಸಾಲಿನವರೆಗೆ ಸರಕುಗಳು ಇವೆ ಎಂದುಕೊಳ್ಳಿ. 8ನೇ ಸಾಲಿನ ದರ 40, 9ನೇ ಸಾಲಿನ ದರ 65. 9ನೇ ಸಾಲಿನ ಸರಕು 12 ಮಾರಾಟವಾಗಿದೆ, ಆದರೆ ಅವಸರದಲ್ಲಿ 12 ಎಂಬುದನ್ನು C8 ನಲ್ಲಿ ಬರೆದು, ಆಮೇಲೆ ಅದನ್ನು C9 ಗೆ ಎಳೆದರು. ಆಗ ಫಾರ್ಮುಲಾಗಳು ಹೀಗಾಗುತ್ತವೆ:

```
E8:  =C9*D8
E9:  =#REF!*D9
```

E9 ನ ದೋಷ ಕಣ್ಣಿಗೆ ಬೀಳುತ್ತದೆ. E8 ನದು ಬೀಳುವುದಿಲ್ಲ. ಅಲ್ಲಿ ಸೊನ್ನೆ ಇರಬೇಕಿತ್ತು, ಆದರೆ ಪಕ್ಕದ ಸಾಲಿನ 12ನ್ನು ತನ್ನ 40ರಿಂದ ಗುಣಿಸಿ 480 ಎಂದು ತೋರಿಸುತ್ತಿರುತ್ತದೆ. ಪಾಸ್‌ವರ್ಡ್ ಗೊತ್ತಿರುವವರು ಲಾಕ್ ತೆಗೆದು E9 ನಲ್ಲಿ 780 ಎಂದು ಕೈಯಿಂದ ಬರೆದರೆ #REF! ಮಾಯವಾಗುತ್ತದೆ, ಆದರೆ ಒಟ್ಟು ಮೊತ್ತ 480 ಹೆಚ್ಚಾಗಿಯೇ ಉಳಿಯುತ್ತದೆ. ರಾತ್ರಿ ಗಲ್ಲಾಪೆಟ್ಟಿಗೆಯ ಹಣ ಎಣಿಸಿದಾಗ ಅಷ್ಟೇ ಮೊತ್ತ ಕಡಿಮೆ ಕಾಣುತ್ತದೆ ಮತ್ತು ಕೌಂಟರಿನಲ್ಲಿ ಕುಳಿತವರ ಮೇಲೆ ಅನುಮಾನ ಬರುತ್ತದೆ. ನಾನು ನೋಡಿದ ಒಂದು ಅಂಗಡಿಯಲ್ಲಿ ಇದೇ ಕಾರಣಕ್ಕೆ ಒಬ್ಬರು ತಮ್ಮ ಸಂಬಳದಿಂದ ಹಣ ಕಟ್ಟಿಕೊಟ್ಟಿದ್ದರು. ಫಾರ್ಮುಲಾ ತೆರೆದು ನೋಡಿದ ಮೇಲೆ ಅದನ್ನು ಅವರಿಗೆ ಹಿಂದಿರುಗಿಸಬೇಕಾಯಿತು. ಆದ್ದರಿಂದ ಹಣ ಹೊಂದದ ದಿನ ಜನರನ್ನು ಕೇಳುವ ಮೊದಲು E ಕಾಲಂ ನೋಡಿ ಎಂದು ವಿನಂತಿಸುತ್ತೇನೆ. Ctrl ಜೊತೆ ` ಕೀ ಒತ್ತಿದರೆ ಎಲ್ಲ ಫಾರ್ಮುಲಾಗಳೂ ಒಟ್ಟಿಗೆ ಕಾಣುತ್ತವೆ. ಸಾಲಿನ ಸಂಖ್ಯೆ ಹೊಂದದಿರುವುದು ಮತ್ತು ಫಾರ್ಮುಲಾ ಬದಲು ಬರಿಯ ಅಂಕಿ ಇರುವುದು ಕೂಡಲೇ ತಿಳಿಯುತ್ತದೆ. ಅದೇ ಕೀಗಳನ್ನು ಮತ್ತೆ ಒತ್ತಿದರೆ ಶೀಟ್ ಮೊದಲಿನಂತಾಗುತ್ತದೆ.

ಈಗ ಸಿಬ್ಬಂದಿಗೆ ಹೇಳಿಕೊಡಬೇಕಾದ ಕ್ರಮ. ಬೆಳಿಗ್ಗೆ ನಿನ್ನೆಯ ಶೀಟನ್ನು ಅಳಿಸಿ ಬಳಸುವುದು ಬೇಡ. ಖಾಲಿ ಮಾದರಿ ಶೀಟಿನ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ, Move or Copy ತೆರೆದು, Create a copy ಗೆ ಗುರುತು ಹಾಕಿ ಹೊಸ ಪ್ರತಿ ತೆಗೆದು, ಅದಕ್ಕೆ ಆ ದಿನದ ದಿನಾಂಕವನ್ನೇ ಹೆಸರಾಗಿ ಕೊಡಬೇಕು. ಹೀಗೆ ಮಾಡಿದರೆ ನಿನ್ನೆಯ ದೋಷ ಇಂದಿಗೆ ಬರುವುದಿಲ್ಲ. ಅನಂತರ ಅಂಕಿ ತುಂಬಲು ತೆರೆದಿಟ್ಟ ಸೆಲ್‌ಗಳಲ್ಲಿ ಮಾತ್ರ ಬರೆಯುತ್ತಾ, ಒಂದರಿಂದ ಇನ್ನೊಂದಕ್ಕೆ Tab ಕೀಯಿಂದ ಹೋಗಬೇಕು. ಲಾಕ್ ಆದ ಶೀಟಿನಲ್ಲಿ Tab ತೆರೆದ ಸೆಲ್‌ಗಳಿಗೆ ಮಾತ್ರ ಕರೆದೊಯ್ಯುತ್ತದೆ, ಮೌಸ್ ಮುಟ್ಟುವ ಅಗತ್ಯವೇ ಬರುವುದಿಲ್ಲ.

ತಪ್ಪು ಸಾಲಿನಲ್ಲಿ ಬರೆದದ್ದು ಗೊತ್ತಾದರೆ ಮಾಡಬೇಕಾದದ್ದು ಇಷ್ಟೇ: ಆ ಸೆಲ್ ಆರಿಸಿ Delete ಒತ್ತುವುದು, ಸರಿಯಾದ ಸೆಲ್‌ಗೆ ಹೋಗಿ ಅಂಕಿಯನ್ನು ಮತ್ತೆ ಟೈಪ್ ಮಾಡುವುದು. ಎಳೆಯಬಾರದು, ಕತ್ತರಿಸಬಾರದು. ಅಳಿಸಲು ಸ್ಪೇಸ್ ಬಾರನ್ನೂ ಒತ್ತಬಾರದು, ಏಕೆಂದರೆ ಸ್ಪೇಸ್ ಒತ್ತಿದ ಸೆಲ್ ಖಾಲಿಯಂತೆ ಕಂಡರೂ ಅದರೊಳಗೆ ಒಂದು ಅಕ್ಷರ ಕುಳಿತಿರುತ್ತದೆ ಮತ್ತು ಗುಣಾಕಾರ #VALUE! ಎಂದು ನಿಂತುಹೋಗುತ್ತದೆ. ಕೈತಪ್ಪಿ ಎಳೆದುಬಿಟ್ಟರೆ, ಬೇರೆ ಏನನ್ನೂ ಮುಟ್ಟದೆ ಆ ಕ್ಷಣವೇ Ctrl+Z ಒತ್ತಿದರೆ ಎಲ್ಲವೂ ಹಿಂದಿನಂತಾಗುತ್ತದೆ.

ಪ್ರಮಾಣದ ಸೆಲ್‌ನಲ್ಲಿ ಬರಿಯ ಅಂಕಿ ಇರಬೇಕು. "12 ಪೀಸ್" ಎಂದು ಬರೆದರೆ ಅದು ಅಕ್ಷರವಾಗಿಬಿಡುತ್ತದೆ. ಇದಕ್ಕಿಂತ ಕೆಟ್ಟದ್ದು, ಎರಡು ವಾಪಸು ಬಂದವೆಂದು "12-2" ಎಂದು ಬರೆಯುವುದು: ಎಕ್ಸೆಲ್ ಅದನ್ನು ದಿನಾಂಕ ಎಂದು ತಿಳಿಯುತ್ತದೆ, ಮತ್ತು ಈ ವರ್ಷಗಳ ದಿನಾಂಕಗಳ ಒಳಗಿನ ಸಂಖ್ಯೆ 45,000ಕ್ಕೂ ಮೇಲಿರುವುದರಿಂದ ಮೊತ್ತ ಲಕ್ಷಗಳಿಗೆ ಏರುತ್ತದೆ. ಮುಂದೆ ಸಮ ಚಿಹ್ನೆ ಹಾಕಿ `=12-2` ಎಂದು ಬರೆದರೆ 10 ಸರಿಯಾಗಿ ಬರುತ್ತದೆ. ಹೊಸ ಸರಕಿಗೆ ಸಾಲು ಸೇರಿಸುವ ಗೋಜು ಬೇಡ. ಪಟ್ಟಿಯ ಕೊನೆಯಲ್ಲಿ ಫಾರ್ಮುಲಾ ಸಹಿತ ನಾಲ್ಕಾರು ಖಾಲಿ ಸಾಲುಗಳನ್ನು ನೀವೇ ಬಿಟ್ಟಿರಿ.

ನಿಮ್ಮ ಕಡೆಯಿಂದ ಆಗಬೇಕಾದ ಕೆಲಸವೂ ಇದೆ, ನನ್ನ ಅಭಿಪ್ರಾಯದಲ್ಲಿ ಮುಖ್ಯ ಭಾಗ ಅದೇ. ದಿನವಿಡೀ ಗಿರಾಕಿಗಳ ನಡುವೆ ಕೆಲಸ ಮಾಡುವವರು ಒಮ್ಮೆಯೂ ಎಳೆಯದಿರಲಿ ಎಂದು ನಿರೀಕ್ಷಿಸುವುದು ನ್ಯಾಯವಲ್ಲ. File, Options, Advanced ಗೆ ಹೋಗಿ Enable fill handle and cell drag-and-drop ಎಂಬುದರ ಗುರುತು ತೆಗೆಯಿರಿ; ಆ ಕಂಪ್ಯೂಟರಿನಲ್ಲಿ ಎಳೆಯುವುದು ನಿಲ್ಲುತ್ತದೆ. Ctrl+X ಆಗಲೂ ಉಳಿಯುತ್ತದೆ. ಅದಕ್ಕೆ ಮಾದರಿ ಶೀಟಿನ ಲಾಕ್ ತೆಗೆದು, E5 ರಲ್ಲಿ ಈ ಫಾರ್ಮುಲಾ ಬರೆದು, E5 ರಿಂದ E30 ರವರೆಗೆ ಆರಿಸಿ Ctrl+D ಒತ್ತಿ ಇಳಿಸಿ:

```
=INDEX(C:C,ROW())*INDEX(D:D,ROW())
```

ಇದು ಇಂಥದ್ದೇ ಸೆಲ್ ಎಂದು ಹೆಸರಿಸದೆ, ಇಡೀ ಕಾಲಂನಲ್ಲಿ ತನ್ನ ಸಾಲಿನಲ್ಲಿರುವುದನ್ನು ಓದುವುದರಿಂದ, C8 ಅನ್ನು C9 ಗೆ ಸರಿಸಿದರೂ ಕೆಡುವುದಿಲ್ಲ. ಮೇಲಿನ ಉದಾಹರಣೆಯಲ್ಲಿ E8 ಸೊನ್ನೆಯಾಗಿ, E9 ನಲ್ಲಿ 780 ಬಂದಿರುತ್ತಿತ್ತು.

C ಕಾಲಂಗೆ Data Validation ನಲ್ಲಿ Decimal ಆರಿಸಿ, 0 ಯಿಂದ ನಿಮ್ಮಲ್ಲಿ ಸಾಧ್ಯವಿರುವ ಗರಿಷ್ಠ ಪ್ರಮಾಣದವರೆಗೆ ಮಿತಿ ಹಾಕಿ. ಗರಿಷ್ಠ ಮಿತಿ ಇರಲೇಬೇಕು, ದಿನಾಂಕವಾಗಿ ಬದಲಾದ ಅಂಕಿ ಸಿಕ್ಕಿಬೀಳುವುದು ಅದರಿಂದಲೇ. ಆದರೆ ಈ ತಡೆ ಟೈಪ್ ಮಾಡಿದ್ದಕ್ಕೆ ಮಾತ್ರ. ಬೇರೆಡೆಯಿಂದ ನಕಲಿಸಿ Ctrl+V ಮಾಡಿದ ಅಂಕಿಯನ್ನು ಅದು ತಡೆಯುವುದಿಲ್ಲ. ಹಾಗಾಗಿ ಒಟ್ಟು ಮೊತ್ತದ ಪಕ್ಕದಲ್ಲಿ ಇದನ್ನೂ ಬರೆದಿಡಿ:

```
=COUNTA(C5:D30)-COUNT(C5:D30)
```

ಪ್ರಮಾಣ ಮತ್ತು ದರದ ಸೆಲ್‌ಗಳಲ್ಲಿ ಅಂಕಿಯಲ್ಲದೆ ಎಷ್ಟು ಕುಳಿತಿವೆ ಎಂಬುದನ್ನು ಇದು ಎಣಿಸುತ್ತದೆ, ಕಣ್ಣಿಗೆ ಕಾಣದ ಸ್ಪೇಸ್ ಕೂಡ ಇದರ ಲೆಕ್ಕಕ್ಕೆ ಬರುತ್ತದೆ. ರಾತ್ರಿ ಹಣ ಎಣಿಸುವ ಮೊದಲು ಸಿಬ್ಬಂದಿ ಈ ಸೆಲ್ ನೋಡಲಿ. ಅಲ್ಲಿ 0 ಇದ್ದರೆ ಎಣಿಕೆಗೆ ಕೂರಬಹುದು, 1 ಇದ್ದರೆ ಆ ಒಂದು ಸೆಲ್ ಹುಡುಕಿ Delete ಒತ್ತಿ ಮತ್ತೆ ಬರೆಯಬೇಕು.