ಮೂರನೇ ಘಾತಕ್ಕೆ ಬಂದ ಕೂಡಲೇ ಮಳೆ ಲೆಕ್ಕ ಕೆಟ್ಟಿದ್ದೇಕೆ?

ಪ್ರಶ್ನೆ: ನಮ್ಮ ತೋಟದಲ್ಲಿ ಅಪ್ಪ 2001ರಿಂದ 2020ರವರೆಗೆ ಮಳೆ ಅಳೆದು ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಪ್ರತಿ ವರ್ಷದ ಮುಂಗಾರಿನ ಒಟ್ಟು ಮಳೆಗೆ ಲೀಸ್ಟ್ ಸ್ಕ್ವೇರ್ಸ್‌ನಲ್ಲಿ ಗೆರೆ ಕೂರಿಸುತ್ತಿದ್ದೇನೆ. ನೇರ ಗೆರೆ ಸರಿ ಬಂತು, ವರ್ಷದ ವರ್ಗ ಸೇರಿಸಿದಾಗಲೂ ಬಂತು. ಘನ ಸೇರಿಸಿದ ಮೇಲೆ ನನ್ನ ಲ್ಯಾಪ್‌ಟಾಪ್‌ನಲ್ಲಿ ಒಂದು ಉತ್ತರ, ಕಾಲೇಜಿನ ಕಂಪ್ಯೂಟರ್‌ನಲ್ಲಿ ಇನ್ನೊಂದು. `np.linalg.solve(A.T @ A, A.T @ y)` ಅಂತ ಬರೆದಿದ್ದೇನೆ. ಕ್ಯೂಆರ್ ಬಳಸು ಅನ್ನುತ್ತಾರೆ ಗೆಳೆಯರು. ಎರಡೂ ಒಂದೇ ಉತ್ತರ ಕೊಡಬೇಕಲ್ವಾ? — ಹೊಸನಗರ ತಾಲೂಕಿನ ಓದುಗ

ಉತ್ತರ: ಕಾಗದದ ಮೇಲೆ ಎರಡೂ ಒಂದೇ. ಕಂಪ್ಯೂಟರ್ ಮಾತ್ರ ಒಂದು ಸಂಖ್ಯೆಯಲ್ಲಿ ಸುಮಾರು 16 ಅಂಕಿಗಳನ್ನಷ್ಟೇ ಹಿಡಿದಿಟ್ಟುಕೊಳ್ಳುತ್ತದೆ. ನಿಮ್ಮ ಕೋಡ್‌ನಲ್ಲಿ A ಅಂದರೆ ವರ್ಷದ ಘಾತಗಳ ಕಾಲಂಗಳು, y ಅಂದರೆ ಮಳೆ. A.T @ A, ಅಂದರೆ AᵀA ಒಳಗೆ ವರ್ಷದ ಆರನೇ ಘಾತಗಳ ಮೊತ್ತ ಇದೆ. ಅದು 22 ಅಂಕಿಯ ಸಂಖ್ಯೆ. ಕೊನೆಯ ಆರು ಅಂಕಿ ಅಲ್ಲೇ ಉದುರಿ ಹೋದವು. ನಿಮಗೆ ಬೇಕಾದ ವಿಷಯ ಇದ್ದದ್ದು ಆ ಬಾಲದಲ್ಲೇ.

ಇದನ್ನು ಕೈಲೆಕ್ಕದಲ್ಲೇ ನೋಡಬಹುದು. ಆರು ಅಂಕಿ ಮಾತ್ರ ಹಿಡಿಯುವ ಕ್ಯಾಲ್ಕುಲೇಟರ್ ಇದೆ ಅಂದುಕೊಳ್ಳಿ. ಎರಡು ಕಾಲಂ ತೆಗೆದುಕೊಳ್ಳಿ: a₁ = (1, 0.001, 0), a₂ = (1, 0, 0.001). ಎರಡೂ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ನೋಡುತ್ತವೆ, ವ್ಯತ್ಯಾಸ ಸಾವಿರದಲ್ಲಿ ಒಂದರಷ್ಟು. ಆರು ಅಂಕಿಗೆ ಇದು ಕಷ್ಟದ ವಿಷಯವೇ ಅಲ್ಲ. ಆದರೆ ನಾರ್ಮಲ್ ಈಕ್ವೇಶನ್, ಅಂದರೆ ನೀವು ಬರೆದ AᵀA ದಾರಿ, ಮಾಡಲು ಹೋದರೆ a₁ ಅನ್ನು ಅದರಿಂದಲೇ ಗುಣಿಸಬೇಕು: 1 + 0.000001. ಇದನ್ನು ಬರೆಯಲು ಏಳು ಅಂಕಿ ಬೇಕು. ಕ್ಯಾಲ್ಕುಲೇಟರ್ 1.00000 ಅನ್ನುತ್ತದೆ. AᵀA ಯ ನಾಲ್ಕೂ ಮನೆಯಲ್ಲಿ 1 ಬಂದು ಕೂರುತ್ತದೆ. ಇಂಥ ಮ್ಯಾಟ್ರಿಕ್ಸ್‌ಗೆ ವಿಲೋಮ ಇಲ್ಲ, ಲೆಕ್ಕ ಅಲ್ಲಿಗೇ ನಿಂತಿತು.

ಕ್ಯೂಆರ್ ಅಂದರೆ A ಯನ್ನು Q, R ಎರಡರ ಗುಣಲಬ್ಧವಾಗಿ ಒಡೆಯುವುದು: Q ದ ಕಾಲಂಗಳು q₁, q₂ ಒಂದಕ್ಕೊಂದು ಲಂಬ, ಉದ್ದ 1; R ನಲ್ಲಿ ಕರ್ಣದ ಕೆಳಗೆಲ್ಲ ಸೊನ್ನೆ. ಈ ದಾರಿಯಲ್ಲಿ ವರ್ಗ ಮಾಡಿ ಕೂಡಿಟ್ಟ ಮ್ಯಾಟ್ರಿಕ್ಸ್ ಬರುವುದೇ ಇಲ್ಲ. ಮೊದಲ ಕಾಲಂನ ಉದ್ದ 1.00000, ಹಾಗಾಗಿ q₁ ಅಂದರೆ a₁ ಯೇ. a₂ ದಲ್ಲಿ q₁ ದಿಕ್ಕಿನ ಪಾಲು 1. ಅದನ್ನು ಕಳೆದರೆ ಉಳಿಯುವುದು (0, −0.001, 0.001), ಉದ್ದ 0.00141421. ವ್ಯತ್ಯಾಸ ಆರೂ ಅಂಕಿಯೊಂದಿಗೆ ಉಳಿದುಕೊಂಡಿತು ನೋಡಿ. ಕಳೆಯುವ ಕೆಲಸ ಮೊದಲು ಆಯಿತು, ವರ್ಗ ಮಾಡಿದ್ದು ಉಳಿದ ಸಣ್ಣ ತುಂಡನ್ನು ಮಾತ್ರ. ನಾರ್ಮಲ್ ಈಕ್ವೇಶನ್‌ನಲ್ಲಿ ದೊಡ್ಡದನ್ನು ಮೊದಲು ವರ್ಗ ಮಾಡಿ, ಆಮೇಲೆ ಕಳೆಯುತ್ತೇವೆ.

ಇಲ್ಲಿ ಒಂದು ಗುಂಡಿ ಇದೆ, ಎಕ್ಸೆಲ್‌ನಲ್ಲಿ ತಾವೇ ಮಾಡಿ ನೋಡುವವರು ತಪ್ಪದೆ ಬೀಳುತ್ತಾರೆ. y = (2, 0.001, 0.001) ಇರಲಿ. ಇದು a₁ + a₂, ಅಂದರೆ ಉತ್ತರ (1, 1) ಬರಬೇಕು. q₂ = (0, −0.707107, 0.707107) ಅನ್ನು ನೇರವಾಗಿ y ಜೊತೆ ಗುಣಿಸಿದರೆ 0 ಬರುತ್ತದೆ, ಉತ್ತರ (2, 0) ಆಗುತ್ತದೆ. ತಪ್ಪು! ಅಂಕಿ ಉದುರಿದ್ದರಿಂದ q₁, q₂ ಪೂರ್ತಿ ಲಂಬವಾಗಿಲ್ಲ, ಅದೇ ಕಾರಣ. y ಯನ್ನೂ ಇನ್ನೊಂದು ಕಾಲಂ ಅಂತ ನೋಡಿ. ಮೊದಲು ಅದರಿಂದ q₁ ಪಾಲು, ಅಂದರೆ 2, ಕಳೆಯಿರಿ. (0, −0.001, 0.001) ಉಳಿಯುತ್ತದೆ. ಈಗ q₂ ಜೊತೆ ಗುಣಿಸಿದರೆ 0.00141421. ಅದನ್ನು 0.00141421 ರಿಂದ ಭಾಗಿಸಿದರೆ ಎರಡನೆಯದು 1, ಅದನ್ನು ಹಿಂದಕ್ಕೆ ಹಾಕಿದರೆ ಮೊದಲನೆಯದೂ 1. ಅದೇ ಸಂಖ್ಯೆಗಳು, ಕಳೆಯುವ ಕ್ರಮ ಮಾತ್ರ ಬದಲು.

ಲೈಬ್ರರಿಗಳು ಈ ತೊಂದರೆಗೇ ಸಿಕ್ಕಿಕೊಳ್ಳದ ದಾರಿ ಹಿಡಿಯುತ್ತವೆ. ಆಲ್ಸ್ಟನ್ ಹೌಸ್‌ಹೋಲ್ಡರ್ 1958ರಲ್ಲಿ ತೋರಿಸಿದ ಪ್ರತಿಬಿಂಬದ ವಿಧಾನ ಅದು. ಜೀನ್ ಗೊಲಬ್ 1965ರಲ್ಲಿ ಅದನ್ನು ಲೀಸ್ಟ್ ಸ್ಕ್ವೇರ್ಸ್‌ಗೆ ಒಗ್ಗಿಸಿದರು. ಕಾಲಂನಿಂದ ಪಾಲು ಕಳೆಯುವ ಬದಲು, ಕನ್ನಡಿ ಹಿಡಿದಂತೆ ಇಡೀ ಕಾಲಂ ಅನ್ನು ಅಕ್ಷದ ಮೇಲೆ ಬೀಳಿಸುತ್ತದೆ. ಪ್ರತಿಬಿಂಬದಲ್ಲಿ ಉದ್ದ ಬದಲಾಗುವುದಿಲ್ಲ, ಹಾಗಾಗಿ ತಪ್ಪು ದೊಡ್ಡದಾಗುವುದಿಲ್ಲ.

ಈಗ ನಿಮ್ಮ ಪುಸ್ತಕಕ್ಕೆ ಬರೋಣ. ನಾಲ್ಕು ಕಾಲಂ: 1, ವರ್ಷ, ವರ್ಗ, ಘನ. ಪ್ರತಿಯೊಂದನ್ನೂ ಅದರ ಉದ್ದದಿಂದ ಭಾಗಿಸಿ ಕ್ಯೂಆರ್ ಮಾಡಿದರೆ R ನ ಕರ್ಣದ ಮೇಲೆ, ಪ್ಲಸ್-ಮೈನಸ್ ಗುರುತು ಬಿಟ್ಟು, ಸುಮಾರು ಇವು ಬರುತ್ತವೆ: 1, 0.0029, 7.3 × 10⁻⁶, 1.8 × 10⁻⁸. ಇವು ಮಳೆಯನ್ನು ಅವಲಂಬಿಸಿಲ್ಲ, ವರ್ಷಗಳಿಂದಲೇ ಬಂದವು. ಪ್ರತಿ ಸಂಖ್ಯೆಯೂ ಹೊಸ ಕಾಲಂನಲ್ಲಿ ಹಿಂದಿನವುಗಳಲ್ಲಿ ಇಲ್ಲದ ಅಂಶ ಎಷ್ಟಿದೆ ಅನ್ನುವುದನ್ನು ಹೇಳುತ್ತದೆ. ಘನದ ಕಾಲಂನಲ್ಲಿ ಹೊಸದು ಅನ್ನುವುದು ಐದು ಕೋಟಿಯಲ್ಲಿ ಒಂದು ಪಾಲು, ಅಷ್ಟೇ.

ಕ್ಯೂಆರ್‌ಗೆ 1.8 × 10⁻⁸ ಸಾಕು. ಹತ್ತಿರ ಹತ್ತಿರ 10⁻¹⁶ ತನಕ ಕಾಣುವ ಕಂಪ್ಯೂಟರ್‌ಗೆ ಅದು ದೊಡ್ಡ ಸಂಖ್ಯೆಯೇ. ನಾರ್ಮಲ್ ಈಕ್ವೇಶನ್ ಬಿಡಿಸುವಾಗ ಮಾತ್ರ ಅದರ ವರ್ಗ, ಅಂದರೆ 3.3 × 10⁻¹⁶, ಕಾಣಬೇಕು. ಅಂಕಿ ಉದುರುವ ತಪ್ಪೂ ಅಷ್ಟೇ ದೊಡ್ಡದು. ಕೂಡುವ ಕ್ರಮ ಒಂದು ಕಂಪ್ಯೂಟರ್‌ನಲ್ಲಿ ಹೀಗೆ, ಇನ್ನೊಂದರಲ್ಲಿ ಹಾಗೆ. ಉತ್ತರಗಳು ಬೇರೆ ಆಗಿದ್ದು ಅದಕ್ಕೇ. ವರ್ಗದ ತನಕ ನೀವು ಬಚಾವಾಗಿದ್ದೂ ಇದರಿಂದಲೇ: 7.3 × 10⁻⁶ ರ ವರ್ಗ ಸುಮಾರು 5 × 10⁻¹¹, ಅದಿನ್ನೂ ಕಾಣುವಷ್ಟು ದೊಡ್ಡದು. ಅಂದರೂ ಅಲ್ಲಿ ನಂಬಬಹುದಾದ ಅಂಕಿ ನಾಲ್ಕೈದು ಮಾತ್ರ ಉಳಿದಿತ್ತು.

ಹೀಗೆ ಬರೆಯಿರಿ. y ಯನ್ನೂ ಕಾಲಂ ಆಗಿ ಸೇರಿಸಿದ್ದೇನೆ, Q ಬೇಕಾಗುವುದೇ ಇಲ್ಲ:

```python
import numpy as np
from scipy.linalg import solve_triangular

s = np.linalg.norm(A, axis=0)
R = np.linalg.qr(np.column_stack([A / s, y]), mode="r")
c = solve_triangular(R[:4, :4], R[:4, 4]) / s
print(np.abs(np.diag(R)))
```

ಕೊನೆಗೆ ಅಚ್ಚಾಗುವ ಐದು ಸಂಖ್ಯೆಗಳಲ್ಲಿ ಮೊದಲ ನಾಲ್ಕು ಮೇಲೆ ಹೇಳಿದವು. ಐದನೆಯದು ಗೆರೆಗೂ ನಿಮ್ಮ ಮಳೆಗೂ ಇರುವ ಒಟ್ಟು ಅಂತರದ ಉದ್ದ, ಮಿಲಿಮೀಟರ್‌ನಲ್ಲಿ. ಇದನ್ನು ಕಡೆಗಣಿಸಬೇಡಿ. ಮಲೆನಾಡಿನ ಮುಂಗಾರು ವರ್ಷದಿಂದ ವರ್ಷಕ್ಕೆ ಕುಣಿಯುತ್ತದೆ, ಯಾವ ಘನ ಗೆರೆಯೂ ಅದಕ್ಕೆ ಸರಿಯಾಗಿ ಕೂರುವುದಿಲ್ಲ. ಈ ಅಂತರ ಜಾಸ್ತಿ ಇದ್ದಾಗ ಕ್ಯೂಆರ್‌ಗೂ ಕೆಲವು ಅಂಕಿ ನಷ್ಟವಾಗಬಹುದು. ಕ್ಯೂಆರ್ ಲೆಕ್ಕವನ್ನು ಕಾಪಾಡುತ್ತದೆ, ಗೆರೆಯ ಆಯ್ಕೆಯನ್ನಲ್ಲ. 2025ರ ಮಳೆಯನ್ನು ಇದರಿಂದ ಹೇಳಲು ಹೋಗಬೇಡಿ.

ಕೆಲಸ ಜಾಸ್ತಿಯೇ, ಸಾಲುಗಳು ತುಂಬಾ ಇದ್ದಾಗ ಹೆಚ್ಚುಕಡಿಮೆ ಎರಡು ಪಟ್ಟು. 20 ಸಾಲಿಗೆ ಅದು ಗೊತ್ತೇ ಆಗುವುದಿಲ್ಲ. ಲಕ್ಷಾಂತರ ಸಾಲು, ಕಾಲಂಗಳು ಒಂದಕ್ಕೊಂದು ಚೆನ್ನಾಗಿ ಬೇರೆ ಇದ್ದರೆ ನಾರ್ಮಲ್ ಈಕ್ವೇಶನ್ ನಾನೂ ಬಳಸುತ್ತೇನೆ, ತಪ್ಪೇನಿಲ್ಲ.

ನಿಮ್ಮಲ್ಲಿ ಕಾಲಂಗಳು ಅಂಟಿಕೊಂಡಿರುವುದಕ್ಕೆ ಕಾರಣ ವರ್ಷವನ್ನು ಕ್ರಿಸ್ತಶಕದಿಂದ ಎಣಿಸಿದ್ದು. ಸುಮ್ನೆ ಪ್ರತಿ ವರ್ಷದಿಂದ 2010.5 ಕಳೆದು, 9.5 ರಿಂದ ಭಾಗಿಸಿ. ಎಲ್ಲವೂ −1 ರಿಂದ 1 ರ ಒಳಗೆ ಬರುತ್ತದೆ. ಅದೇ ಕೋಡ್ ಮತ್ತೆ ಓಡಿಸಿ: 1.8 × 10⁻⁸ ಇದ್ದ ಜಾಗದಲ್ಲಿ ಸುಮಾರು 0.4 ಕಾಣುತ್ತದೆ.