ಐಪಿಒಗೆ ಕಟ್ಟಿದ ನೂರು ರೂಪಾಯಿ ಯಾರ ಕೈಸೇರುತ್ತದೆ?

ಪ್ರಶ್ನೆ: ನನ್ನ ಅಳಿಯ ಕೆಲಸ ಮಾಡುವ ತೆಂಗಿನೆಣ್ಣೆ ಕಂಪನಿ ಐಪಿಒಗೆ ಹೊರಟಿದೆಯಂತೆ. ಒಳ್ಳೆಯ ಲಾಭ ಉಂಟು, ಬ್ಯಾಂಕ್ ಸಾಲವೂ ಸಿಗುತ್ತದೆ. ಹಾಗಿದ್ದೂ ಪಾಲನ್ನು ಊರವರಿಗೆ ಮಾರುವುದು ಯಾಕೆ? ನಾವು ಕಟ್ಟುವ ದುಡ್ಡು ಕಂಪನಿಗೆ ಹೋಗುತ್ತದಾ, ಮಾಲೀಕರ ಕಿಸೆಗಾ? ಆಮೇಲೆ ಕಂಪನಿಯಲ್ಲಿ ಏನು ಬದಲಾಗುತ್ತದೆ?
— ಓದುಗರು, ಬದಿಯಡ್ಕ

ಉತ್ತರ: ಎರಡು ಕಡೆಗೂ ಹೋಗಬಹುದು. ಎಷ್ಟೆಷ್ಟು ಎಂಬುದನ್ನು ಕಂಪನಿ ಹೊರಡಿಸುವ ವಿವರಪತ್ರವಾದ ಪ್ರಾಸ್ಪೆಕ್ಟಸ್‌ನ ಮೊದಲ ಪುಟವೇ ಹೇಳುತ್ತದೆ. ಅಲ್ಲಿ ಎರಡು ಹೆಸರು ಕಾಣುತ್ತವೆ: "Fresh Issue" ಮತ್ತು "Offer for Sale". ಮೊದಲನೆಯದರಲ್ಲಿ ಕಂಪನಿ ಹೊಸ ಷೇರು ಸೃಷ್ಟಿಸಿ ಮಾರುತ್ತದೆ, ಹಣ ಕಂಪನಿಯ ಖಾತೆಗೆ. ಎರಡನೆಯದರಲ್ಲಿ ಈಗಾಗಲೇ ಷೇರು ಇಟ್ಟುಕೊಂಡವರು ತಮ್ಮದನ್ನು ಮಾರುತ್ತಾರೆ, ಹಣ ಅವರಿಗೆ. ಕಂಪನಿಗೆ ಅದರಲ್ಲಿ ಒಂದು ಪೈಸೆಯೂ ಇಲ್ಲ. 2022ರ ಎಲ್‌ಐಸಿ ಐಪಿಒ ಇಡಿಯಾಗಿ ಎರಡನೇ ಬಗೆಯದು. ನಮ್ಮೂರಿನ ಪಾಲಿಸಿದಾರರು ರಿಯಾಯಿತಿ ದರದಲ್ಲಿ ಷೇರು ಕೊಂಡರು, ಆ ಹಣ ಸೇರಿದ್ದು ಕೇಂದ್ರ ಸರಕಾರದ ಖಜಾನೆಗೆ.

ಒಂದು ಕಾಲ್ಪನಿಕ ಎಣ್ಣೆ ಕಂಪನಿಯ ಲೆಕ್ಕ ಹಾಕೋಣ. ಅದರಲ್ಲಿ 4 ಕೋಟಿ ಷೇರುಗಳಿವೆ. 3 ಕೋಟಿ ಮಾಲೀಕರ ಕುಟುಂಬದ್ದು, 1 ಕೋಟಿ ಆರು ವರ್ಷಗಳ ಹಿಂದೆ ಬಂಡವಾಳ ಹಾಕಿದ ಒಂದು ಹೂಡಿಕೆ ನಿಧಿಯದ್ದು. ವರ್ಷದ ಲಾಭ 32 ಕೋಟಿ, ಅಂದರೆ ಷೇರಿಗೆ 8 ರೂಪಾಯಿ. ಐಪಿಒ ಬೆಲೆ 160 ರೂಪಾಯಿ. ಕಂಪನಿ 1 ಕೋಟಿ ಹೊಸ ಷೇರು ಕೊಟ್ಟು 160 ಕೋಟಿ ಪಡೆಯುತ್ತದೆ. ನಿಧಿ ತನ್ನ 60 ಲಕ್ಷ ಷೇರು ಮಾರಿ 96 ಕೋಟಿ ಪಡೆಯುತ್ತದೆ. ಒಟ್ಟು 256 ಕೋಟಿ. ಹಾಗಾಗಿ ನೀವು ಕಟ್ಟಿದ ಪ್ರತಿ ನೂರು ರೂಪಾಯಿಯಲ್ಲಿ 62.50 ಕಂಪನಿಗೆ, 37.50 ನಿಧಿಗೆ. ಕುಟುಂಬ ಒಂದು ಷೇರನ್ನೂ ಮಾರಿಲ್ಲ.

ಬ್ಯಾಂಕ್ ಸಾಲ ಸಿಗುವಾಗ ಇದೆಲ್ಲ ಯಾಕೆ ಎಂಬುದಕ್ಕೆ ಇದರಲ್ಲೇ ಉತ್ತರವಿದೆ. ಕೊಬ್ಬರಿ ದರ ಏರಿದ ವರ್ಷವೂ, ಎಣ್ಣೆ ಮಾರಾಟ ಕುಸಿದ ವರ್ಷವೂ ಬ್ಯಾಂಕಿನ ಬಡ್ಡಿ ಕಟ್ಟಲೇಬೇಕು. ಷೇರು ಮಾರಿ ಬಂದ ಹಣಕ್ಕೆ ಬಡ್ಡಿಯಿಲ್ಲ, ವಾಯಿದೆ ಇಲ್ಲ, ತಿರುಗಿ ಕೊಡುವ ಮಾತೂ ಇಲ್ಲ. ಇನ್ನು ಹೂಡಿಕೆ ನಿಧಿಯ ಹಿಂದೆ ಬೇರೆಯವರ ದುಡ್ಡು ಇರುತ್ತದೆ, ಇಷ್ಟು ವರ್ಷದೊಳಗೆ ಅದನ್ನು ಹಿಂತಿರುಗಿಸುವ ಕರಾರೂ ಇರುತ್ತದೆ. ಖಾಸಗಿ ಕಂಪನಿಯ ಷೇರನ್ನು ಬೇಕೆಂದಾಗ ಬೇಕಾದವರಿಗೆ ಮಾರಲು ಬರುವುದಿಲ್ಲ. ಕಾನೂನಿನಂತೆಯೇ ಅಂಥ ಕಂಪನಿ ಷೇರು ವರ್ಗಾವಣೆಗೆ ಕಡಿವಾಣ ಹಾಕಿರಬೇಕು, ಸಾರ್ವಜನಿಕರನ್ನು ಕರೆಯುವಂತಿಲ್ಲ. ಆದ್ದರಿಂದಲೇ ಐಪಿಒಗೆ ಮೊದಲು ಅದು ಪಬ್ಲಿಕ್ ಲಿಮಿಟೆಡ್ ಆಗಿ ಬದಲಾಗುತ್ತದೆ. ಎಷ್ಟೋ ಕಡೆ ಐಪಿಒಗೆ ಆತುರ ಮಾಡುವುದು ಮಾಲೀಕರಲ್ಲ, ಹೊರಬರಲು ಬಾಗಿಲು ಹುಡುಕುವ ಇಂಥ ಹಳೆಯ ಹೂಡಿಕೆದಾರರು. ಅದರಲ್ಲಿ ತಪ್ಪೇನಿಲ್ಲ. ಆದರೆ ಅವರು ಆ ಷೇರನ್ನು ಸರಾಸರಿ ಎಷ್ಟಕ್ಕೆ ಕೊಂಡಿದ್ದರು ಎಂಬುದನ್ನು ಪ್ರಾಸ್ಪೆಕ್ಟಸ್‌ನಲ್ಲಿ "weighted average cost of acquisition" ಎಂಬಲ್ಲಿ ನೋಡಿ, ನೀವು ಕೊಡುವ ಬೆಲೆಯ ಪಕ್ಕ ಇಟ್ಟು ಯೋಚಿಸಿ.

ಹೊಸಬರು ಎಡವುವುದು ಲಾಭದ ಲೆಕ್ಕದಲ್ಲಿ. 160 ರೂಪಾಯಿಯನ್ನು 8ರಿಂದ ಭಾಗಿಸಿ, ಲಾಭದ 20 ಪಟ್ಟು ಬೆಲೆ, ಅಡ್ಡಿಯಿಲ್ಲ ಅನ್ನುತ್ತಾರೆ. ಆದರೆ ಐಪಿಒ ಮುಗಿದ ಮೇಲೆ ಷೇರುಗಳು 5 ಕೋಟಿ. ಅದೇ 32 ಕೋಟಿ ಲಾಭ ಐದು ಪಾಲಾದರೆ ಷೇರಿಗೆ 6.40 ರೂಪಾಯಿ. ನಿಜಕ್ಕೂ ನೀವು ಕೊಟ್ಟದ್ದು 25 ಪಟ್ಟು. ಹಳೆಯ 8 ರೂಪಾಯಿಗೆ ಮರಳಬೇಕಾದರೆ ಹೊಸದಾಗಿ ಬಂದ 160 ಕೋಟಿ ದುಡಿದು ವರ್ಷಕ್ಕೆ 8 ಕೋಟಿ ಹೆಚ್ಚು ಲಾಭ ತರಬೇಕು.

ಅದು ಆಗುತ್ತದೆಯೇ ಎಂದು ತಿಳಿಯಲು "Objects of the Offer" ಎಂಬ ಅಧ್ಯಾಯ ತೆರೆಯಿರಿ. ಇಡೀ ಪ್ರಾಸ್ಪೆಕ್ಟಸ್ ಓದಲು ಪುರುಸೊತ್ತಿಲ್ಲದವರು ಇದೊಂದನ್ನಾದರೂ ಓದಲೇಬೇಕು. ನಮ್ಮ ಕಂಪನಿ 100 ಕೋಟಿ ಸಾಲ ತೀರಿಸುತ್ತದೆ ಎಂದು ಅಲ್ಲಿ ಬರೆದಿದೆ ಅನ್ನೋಣ. ಶೇ. 10ರ ಬಡ್ಡಿಯಾದರೆ ವರ್ಷಕ್ಕೆ 10 ಕೋಟಿ ಉಳಿಯಿತು, ಸುಮಾರು ಕಾಲು ಭಾಗ ತೆರಿಗೆ ಕಳೆದರೆ ಏಳೂವರೆ ಕೋಟಿ. ಷೇರಿನ ಲಾಭ 7.90ಕ್ಕೆ ಏರಿತು. ಉಳಿದದ್ದರಲ್ಲಿ 45 ಕೋಟಿಗೆ ತೆಂಗಿನ ಹಾಲಿನ ಪುಡಿಯ ಹೊಸ ಘಟಕ ಅಂದರೆ, ಜಾಗ ಕೊಂಡಾಗಿದೆಯೇ, ಯಂತ್ರಕ್ಕೆ ಯಾವ ತಾರೀಕಿನ ಕೊಟೇಶನ್, ಯಾವ ಅನುಮತಿ ಬಾಕಿ ಎಂದು ಅದೇ ಅಧ್ಯಾಯದಲ್ಲಿ ಇರುತ್ತದೆ. ಜಾಗವೇ ಗೊತ್ತಾಗಿಲ್ಲದ ಘಟಕ ಎರಡು ವರ್ಷ ತಡವಾದರೆ ಆಶ್ಚರ್ಯವಿಲ್ಲ. ಉಳಿದ 15 ಕೋಟಿಯಿಂದ ಐಪಿಒದ ಖರ್ಚು ಕಳೆದು, ಮಿಕ್ಕದ್ದಕ್ಕೆ "general corporate purposes" ಎಂಬ ಹೆಸರು ಕೊಡುತ್ತಾರೆ. ಅಂದರೆ ಇಂಥದ್ದಕ್ಕೇ ಎಂದು ಕಟ್ಟಿಹಾಕದ ಹಣ. ಷೇರುಪೇಟೆಯ ನಿಯಂತ್ರಕ ಸೆಬಿ ಇದಕ್ಕೆ ಶೇ. 25ರ ಮಿತಿ ಹಾಕಿದೆ. ಮಿತಿಯ ಅಂಚಿಗೆ ತಂದು ನಿಲ್ಲಿಸಿದ ಕಂಪನಿಗೆ ದುಡ್ಡಿನ ಸ್ಪಷ್ಟ ಯೋಜನೆ ಇಲ್ಲ ಎಂದೇ ನಾವು ತಿಳಿಯುತ್ತೇವೆ.

ಆಮೇಲಿನ ಬದಲಾವಣೆಯಲ್ಲಿ ದೊಡ್ಡದು ಮತದ ಬಲ. ಕುಟುಂಬದ 3 ಕೋಟಿ ಷೇರು ಹಾಗೆಯೇ ಇದ್ದರೂ ಪಾಲು ಶೇ. 75ರಿಂದ 60ಕ್ಕೆ ಇಳಿಯಿತು. ನಿಧಿಗೆ ಶೇ. 8, ಸಾರ್ವಜನಿಕರಿಗೆ ಶೇ. 32. ಕಂಪನಿಯ ನಿಯಮಾವಳಿ ತಿದ್ದುವಂಥ ಕೆಲಸಕ್ಕೆ ವಿಶೇಷ ನಿರ್ಣಯ ಬೇಕು. ಅದು ಪಾಸಾಗಲು ವಿರೋಧದ ಮತಕ್ಕಿಂತ ಕನಿಷ್ಠ ಮೂರು ಪಟ್ಟು ಮತ ಪರವಾಗಿ ಬೀಳಬೇಕು. ಮೊದಲು ಕುಟುಂಬದ ಶೇ. 75 ಒಂದೇ ಸಾಕಿತ್ತು, ಈಗ ಸಾಲದು. ಆದರೆ ಲೆಕ್ಕಕ್ಕೆ ಬರುವುದು ಚಲಾಯಿಸಿದ ಮತ ಮಾತ್ರ. ವಿರೋಧವಾಗಿ ಶೇ. 20ಕ್ಕಿಂತ ಹೆಚ್ಚು ಬೀಳದಿದ್ದರೆ 60 ಇದ್ದವರೇ ಗೆದ್ದರು. ಬದಿಯಡ್ಕದಲ್ಲಿ ಕೂತೇ ಮೊಬೈಲಿನಲ್ಲಿ ಇ-ಮತ ಹಾಕಬಹುದು, ದಯವಿಟ್ಟು ಹಾಕಿ.

ಮಾಲೀಕರ ತಮ್ಮನ ಅಂಗಡಿಯಿಂದಲೇ ಕೊಬ್ಬರಿ ಕೊಳ್ಳುವ ಪದ್ಧತಿ ಇದ್ದರೆ ಅದೂ ಇನ್ನು ಬೆಳಕಿಗೆ ಬರುತ್ತದೆ. ಅಂಥ ವ್ಯವಹಾರಕ್ಕೆ ಲೆಕ್ಕಪರಿಶೋಧನಾ ಸಮಿತಿಯ ಒಪ್ಪಿಗೆ ಬೇಕು. ಮೊತ್ತ ನಿಗದಿತ ಮಿತಿ ದಾಟಿದರೆ ಷೇರುದಾರರ ಒಪ್ಪಿಗೆಯೂ ಬೇಕು, ಅಲ್ಲಿ ಸಂಬಂಧಪಟ್ಟವರು ಪರವಾಗಿ ಮತ ಹಾಕುವಂತಿಲ್ಲ. ಮೂರು ತಿಂಗಳಿಗೊಮ್ಮೆ ಫಲಿತಾಂಶ ಪ್ರಕಟಿಸಬೇಕು. ವಾರ್ಷಿಕ ಲೆಕ್ಕಕ್ಕೆ 60 ದಿನ, ಉಳಿದ ತ್ರೈಮಾಸಿಕಗಳಿಗೆ 45 ದಿನ ಗಡುವು.

ನಿಮ್ಮ ಅಳಿಯನಿಗೂ ಒಂದು ಮಾತು. ಅವರು ಲೆಕ್ಕಪತ್ರ ವಿಭಾಗದಲ್ಲಿದ್ದರೆ, ತ್ರೈಮಾಸಿಕ ಮುಗಿದಂದಿನಿಂದ ಫಲಿತಾಂಶ ಹೊರಬಿದ್ದು 48 ಗಂಟೆ ಕಳೆಯುವವರೆಗೆ ಸ್ವಂತ ಕಂಪನಿಯ ಷೇರು ಕೊಳ್ಳುವಂತಿಲ್ಲ, ಮಾರುವಂತಿಲ್ಲ. ಊಟಕ್ಕೆ ಕೂತಾಗ "ಈ ಸಲ ಲಾಭ ಜಾಸ್ತಿ, ಮಾವ" ಎಂದು ನಿಮಗೆ ಹೇಳಿದರೂ ತಪ್ಪೇ. ಅದನ್ನು ನಂಬಿ ನೀವು ಕೊಂಡರೆ ಇಬ್ಬರೂ ಸೆಬಿಗೆ ಉತ್ತರ ಕೊಡಬೇಕಾದೀತು.

ಕೊನೆಯದಾಗಿ ಒಂದು ದಿನಾಂಕ ಗುರುತು ಹಾಕಿಕೊಳ್ಳಿ. ಮಾಲೀಕರ ಕನಿಷ್ಠ ಶೇ. 20ರಷ್ಟು ಪಾಲಿಗೆ ಸಾಮಾನ್ಯವಾಗಿ 18 ತಿಂಗಳು ಮಾರದಂತೆ ಬೀಗ, ಹಳಬರ ಮಿಕ್ಕ ಷೇರುಗಳಲ್ಲಿ ಹೆಚ್ಚಿನವಕ್ಕೆ ಆರು ತಿಂಗಳು. ನಮ್ಮ ಲೆಕ್ಕದ ನಿಧಿಯ ಕೈಯಲ್ಲಿ ಇನ್ನೂ 40 ಲಕ್ಷ ಷೇರುಗಳಿವೆಯಲ್ಲ, ಆರು ತಿಂಗಳು ಕಳೆದ ಮರುದಿನ ಅವು ಮಾರುಕಟ್ಟೆಗೆ ಬರಬಹುದು. ಕಂಪನಿ ಚೆನ್ನಾಗಿ ನಡೆಯುತ್ತಿದ್ದರೂ ಆ ವಾರ ಷೇರಿನ ಬೆಲೆ ಬಿದ್ದರೆ ಮೊದಲು ಇದನ್ನು ನೋಡಿ.